ಮಾರುಕಟ್ಟೆ ಮೌಲ್ಯದ ತೂಕದಲ್ಲಿ ಬಂಡವಾಳ ವೆಚ್ಚ: ಆದ್ಯತಾ ಷೇರು, ತೆರಿಗೆ ಕಳೆದ ಸಾಲ ಮತ್ತು ಉಳಿಸಿಕೊಂಡ ಲಾಭ

ಕಂಪನಿಯೊಂದು ಹಲವು ಮೂಲಗಳಿಂದ ಹಣ ಎತ್ತುತ್ತದೆ, ಪ್ರತಿ ಮೂಲಕ್ಕೂ ಬೇರೆ ಬೇರೆ ಬೆಲೆ ತೆರುತ್ತದೆ. ಸಾಲ ಕೊಟ್ಟವರಿಗೆ ಬಡ್ಡಿ, ಆದ್ಯತಾ ಷೇರುದಾರರಿಗೆ ನಿಗದಿತ ದರದ ಲಾಭಾಂಶ, ಈಕ್ವಿಟಿ ಷೇರುದಾರರಿಗೆ ಲಾಭಾಂಶದ ಜೊತೆಗೆ ಷೇರಿನ ಬೆಲೆ ಏರುವ ನಿರೀಕ್ಷೆ. ಪ್ರತಿ ಮೂಲದ ಬೆಲೆಯನ್ನು ಒಟ್ಟು ಬಂಡವಾಳದಲ್ಲಿ ಅದಕ್ಕಿರುವ ಪಾಲಿನಿಂದ ಗುಣಿಸಿ ಕೂಡಿದರೆ ಸಿಗುವುದು ಬಂಡವಾಳದ ತೂಕದ ಸರಾಸರಿ ವೆಚ್ಚ:

```
WACC = (E/V)·Ke + (P/V)·Kp + (D/V)·Kd·(1 − t)
```

ಇಲ್ಲಿ E ಈಕ್ವಿಟಿ, P ಆದ್ಯತಾ ಷೇರು, D ಸಾಲ, V ಈ ಮೂರರ ಮೊತ್ತ, t ತೆರಿಗೆ ದರ. ಗುಣಿಸಿ ಕೂಡುವುದರಲ್ಲಿ ಕಷ್ಟವೇನೂ ಇಲ್ಲ. ತಪ್ಪುಗಳು ಹುಟ್ಟುವುದು ಅದಕ್ಕೂ ಮೊದಲು, ಪಾಲನ್ನು ಯಾವ ಮೌಲ್ಯದಲ್ಲಿ ಅಳೆಯಬೇಕು ಮತ್ತು ಉಳಿಸಿಕೊಂಡ ಲಾಭವನ್ನು ಎಲ್ಲಿ ಸೇರಿಸಬೇಕು ಎಂದು ತೀರ್ಮಾನಿಸುವಾಗ. ಸೂತ್ರದಲ್ಲಿ ಉಳಿಸಿಕೊಂಡ ಲಾಭಕ್ಕೆ ಪ್ರತ್ಯೇಕ ಅಕ್ಷರವೇ ಇಲ್ಲ. ಆಸ್ತಿ-ಹೊಣೆ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕ ಸಾಲು ಇದೆ. ವಿದ್ಯಾರ್ಥಿಗಳನ್ನೂ ವೃತ್ತಿನಿರತರನ್ನೂ ಎಡವಿಸುವುದು ಈ ವ್ಯತ್ಯಾಸ.

ತೂಕಕ್ಕೆ ಪುಸ್ತಕ ಮೌಲ್ಯದ ಬದಲು ಮಾರುಕಟ್ಟೆ ಮೌಲ್ಯವನ್ನು ಬಳಸಲು ಒಂದು ಗಟ್ಟಿ ಕಾರಣವಿದೆ. ಹೂಡಿಕೆದಾರ ಪ್ರತಿಫಲವನ್ನು ಲೆಕ್ಕ ಹಾಕುವುದು ಅವನ ಹಣದ ಇಂದಿನ ಬೆಲೆಯ ಮೇಲೆ. ಇಪ್ಪತ್ತು ವರ್ಷದ ಹಿಂದೆ 10 ರೂಪಾಯಿಗೆ ವಿತರಿಸಿದ ಷೇರು ಇಂದು 60 ರೂಪಾಯಿಗೆ ಮಾರುತ್ತಿದ್ದರೆ, ಅದನ್ನು ಮಾರದೆ ಇಟ್ಟುಕೊಂಡವನೂ ಇಂದು ಕೊಂಡವನೂ 60 ರೂಪಾಯಿಯನ್ನೇ ಅಲ್ಲಿ ತೊಡಗಿಸಿದ್ದಾರೆ. ಈಕ್ವಿಟಿಯ ವೆಚ್ಚವನ್ನು ಇಂದಿನ ಬೆಲೆಯಿಂದ ಕಂಡುಹಿಡಿದು, ತೂಕವನ್ನು ಮಾತ್ರ 10 ರೂಪಾಯಿಯಿಂದ ಹಾಕಿದರೆ ಒಂದೇ ಲೆಕ್ಕದಲ್ಲಿ ಎರಡು ಕಾಲಗಳು ಬೆರೆಯುತ್ತವೆ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಡಿದುಕೊಂಡು ಹೋದರೆ ವಿಷಯ ತಿಳಿಯಾಗುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತವಾದ, ಭಾರತದ ಒಂದು ಮಧ್ಯಮ ಗಾತ್ರದ ಕಾಲ್ಪನಿಕ ಕಂಪನಿ. 10 ರೂಪಾಯಿ ಮುಖಬೆಲೆಯ 20 ಲಕ್ಷ ಈಕ್ವಿಟಿ ಷೇರುಗಳಿಂದ ಅದರ ಷೇರು ಬಂಡವಾಳ 200 ಲಕ್ಷ ರೂಪಾಯಿ. ವರ್ಷಗಳಿಂದ ಉಳಿಸಿಕೊಂಡು ಬಂದ ಲಾಭ 600 ಲಕ್ಷ. 100 ರೂಪಾಯಿ ಮುಖಬೆಲೆಯ, ಶೇ. 9ರ ಒಂದು ಲಕ್ಷ ಆದ್ಯತಾ ಷೇರುಗಳು, ಅಂದರೆ 100 ಲಕ್ಷ. 1,000 ರೂಪಾಯಿ ಮುಖಬೆಲೆಯ, ಶೇ. 9 ಬಡ್ಡಿಯ 40,000 ಡಿಬೆಂಚರುಗಳು, ಅಂದರೆ 400 ಲಕ್ಷ. ಆದ್ಯತಾ ಷೇರು, ಡಿಬೆಂಚರು ಎರಡನ್ನೂ ಐದು ವರ್ಷದ ಕೊನೆಗೆ ಮುಖಬೆಲೆಗೇ ತೀರಿಸಬೇಕು. ಇಂದಿನ ಮಾರುಕಟ್ಟೆ ಬೆಲೆ: ಈಕ್ವಿಟಿ ಷೇರು 60 ರೂಪಾಯಿ, ಆದ್ಯತಾ ಷೇರು 90, ಡಿಬೆಂಚರು 962.

ಸಾಲದ ವೆಚ್ಚವನ್ನು ಮೊದಲು ನೋಡಬಹುದು. ಡಿಬೆಂಚರಿನ ಮೇಲೆ ಅಚ್ಚಾಗಿರುವ ಶೇ. 9 ಹಳೆಯ ಒಪ್ಪಂದದ ದರ. ಇಂದು 962 ರೂಪಾಯಿ ಕೊಟ್ಟು ಅದನ್ನು ಕೊಳ್ಳುವವನಿಗೆ ವರ್ಷಕ್ಕೆ 90 ರೂಪಾಯಿ ಬಡ್ಡಿ, ಕೊನೆಗೆ 1,000 ರೂಪಾಯಿ ಸಿಗುತ್ತದೆ. ಈ ಹಣದ ಹರಿವುಗಳ ಇಂದಿನ ಮೌಲ್ಯ 962 ಆಗುವ ದರ ಶೇ. 10. ಕಂಪನಿ ಇಂದು ಹೊಸದಾಗಿ ಸಾಲ ಎತ್ತಿದರೂ ಪೇಟೆ ಕೇಳುವುದು ಸುಮಾರು ಇಷ್ಟೇ, ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ದರ ಇದು.

ಬಡ್ಡಿಯನ್ನು ವ್ಯವಹಾರದ ಖರ್ಚೆಂದು ಆದಾಯ ತೆರಿಗೆ ಕಾನೂನು ಒಪ್ಪುವುದರಿಂದ ಅದರ ಒಂದು ಭಾಗ ತೆರಿಗೆಯ ಉಳಿತಾಯವಾಗಿ ಹಿಂದೆ ಬರುತ್ತದೆ. ದೇಶೀಯ ಕಂಪನಿಗಳು ಕೆಲವು ವಿನಾಯಿತಿಗಳನ್ನು ಬಿಟ್ಟುಕೊಟ್ಟು ಆಯ್ದುಕೊಳ್ಳಬಹುದಾದ ಶೇ. 22ರ ದರ 2019ರಲ್ಲಿ ಜಾರಿಗೆ ಬಂತು. ಅದಕ್ಕೆ ಶೇ. 10 ಸರ್ಚಾರ್ಜ್, ಆ ಮೊತ್ತದ ಮೇಲೆ ಶೇ. 4 ಸೆಸ್ ಸೇರಿದರೆ ನಿಜವಾದ ದರ ಶೇ. 25.168. ತೆರಿಗೆ ಕಳೆದ ಸಾಲದ ವೆಚ್ಚ 10 × (1 − 0.25168), ಅಂದರೆ ಶೇ. 7.48.

ಪಠ್ಯಪುಸ್ತಕಗಳಲ್ಲಿ ಬಳಕೆಯಲ್ಲಿರುವ ಇನ್ನೊಂದು ಸೂತ್ರ ಬೇರೆ ಉತ್ತರ ಕೊಡುತ್ತದೆ. ಅದರಲ್ಲಿ ಬಡ್ಡಿಯಿಂದ ಮಾತ್ರ ತೆರಿಗೆ ಕಳೆದು, ಮುಖಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವನ್ನು ಉಳಿದ ವರ್ಷಗಳಿಗೆ ಹಂಚಿ ಕೂಡಿ, ಎರಡು ಬೆಲೆಗಳ ಸರಾಸರಿಯಿಂದ ಭಾಗಿಸುತ್ತಾರೆ. ಈ ಡಿಬೆಂಚರಿಗೆ ಅದು ಸುಮಾರು ಶೇ. 7.6 ಆಗುತ್ತದೆ. ಪೇಟೆಯಲ್ಲಿ ಕೈ ಬದಲಾಯಿಸುವ ಹಳೆಯ ಡಿಬೆಂಚರಿನ ಅಂತರ ಕಂಪನಿಯ ತೆರಿಗೆ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅದಕ್ಕೆ ತೆರಿಗೆ ಉಳಿತಾಯ ಕೊಡಬಾರದು ಎಂಬುದು ಆ ಸೂತ್ರದ ಹಿಂದಿನ ವಾದ. ಆದರೆ ಇಲ್ಲಿ ಬೇಕಿರುವುದು ಇಂದು ಎತ್ತುವ ಸಾಲದ ಬೆಲೆ. ಶೇ. 10ರ ಬಡ್ಡಿಗೆ ಮುಖಬೆಲೆಯಲ್ಲೇ ವಿತರಿಸಿದರೆ ಪೂರ್ತಿ ಬಡ್ಡಿಗೆ ಕಳೆತ ಸಿಗುತ್ತದೆ. ಡಿಬೆಂಚರನ್ನು ರಿಯಾಯಿತಿಯಲ್ಲಿ ವಿತರಿಸಿದರೆ ಆ ರಿಯಾಯಿತಿಯನ್ನೂ ಅವಧಿಯುದ್ದಕ್ಕೂ ಹಂಚಿ ಖರ್ಚಾಗಿ ತೋರಿಸಬಹುದು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಮದ್ರಾಸ್ ಇಂಡಸ್ಟ್ರಿಯಲ್ ಇನ್ವೆಸ್ಟ್‌ಮೆಂಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಮುಂದಿನ ಹೂಡಿಕೆಯನ್ನು ತೂಗುವಾಗ ಶೇ. 7.48 ಹೆಚ್ಚು ಸರಿ. ಈ ಉಳಿತಾಯಕ್ಕೆ ಒಂದು ಷರತ್ತೂ ಇದೆ. ಕಂಪನಿಗೆ ತೆರಿಗೆ ಬೀಳುವಷ್ಟು ಲಾಭ ಇರಬೇಕು. ಹಲವು ವರ್ಷ ನಷ್ಟದಲ್ಲಿರುವ ಕಂಪನಿಯ ಸಾಲಕ್ಕೆ 1 − t ಹಾಕಿದರೆ, ಕೈಗೆ ಬಾರದ ಉಳಿತಾಯವನ್ನು ಬಂದಂತೆ ಎಣಿಸಿದ ಹಾಗಾಗುತ್ತದೆ.

ಆದ್ಯತಾ ಷೇರು ನೋಡುವುದಕ್ಕೆ ಸಾಲದಂತಿದ್ದರೂ ತೆರಿಗೆಯ ಮಟ್ಟಿಗೆ ಷೇರೇ. ಅದರ ಲಾಭಾಂಶ ತೆರಿಗೆ ಕಟ್ಟಿದ ಲಾಭದಿಂದ ಹೋಗುತ್ತದೆ, ಹಾಗಾಗಿ 1 − t ಇಲ್ಲಿ ಬರುವುದಿಲ್ಲ. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೂ ಭಾರತದ ಕಂಪನಿಗಳ ವಾರ್ಷಿಕ ವರದಿಯಿಂದ ಅಂಕಿ ತೆಗೆಯುವವರು ಈ ತಪ್ಪಿಗೆ ಸುಲಭವಾಗಿ ಬೀಳುತ್ತಾರೆ. ಇಂಡ್ ಎಎಸ್ 32ರ ಪ್ರಕಾರ, ನಿಗದಿತ ದಿನ ಹಣ ಹಿಂತಿರುಗಿಸಲೇಬೇಕಾದ ಆದ್ಯತಾ ಷೇರು ಹೊಣೆಗಾರಿಕೆ. ಆಸ್ತಿ-ಹೊಣೆ ಪಟ್ಟಿಯಲ್ಲಿ ಅದು ಸಾಲಗಳ ನಡುವೆ ಕೂರುತ್ತದೆ, ಅದರ ಲಾಭಾಂಶ ಹಣಕಾಸು ವೆಚ್ಚದ ಸಾಲಿನಲ್ಲಿ ಬಡ್ಡಿಯ ಜೊತೆ ಸೇರುತ್ತದೆ. ಟಿಪ್ಪಣಿಗಳನ್ನು ಓದದೆ ಒಟ್ಟು ಸಾಲವನ್ನೆಲ್ಲ ಒಂದೇ ದರದಿಂದ ಗುಣಿಸಿ ತೆರಿಗೆ ಕಳೆದರೆ, ಇಲ್ಲದ ಉಳಿತಾಯ ಲೆಕ್ಕದೊಳಗೆ ನುಸುಳುತ್ತದೆ. ಲೆಕ್ಕಪತ್ರದ ವರ್ಗೀಕರಣ ಬದಲಾದ ಮಾತ್ರಕ್ಕೆ ತೆರಿಗೆ ಕಾನೂನು ಬದಲಾಗುವುದಿಲ್ಲ.

ಎರಡನೆಯ ತಪ್ಪು ಹಳೆಯ ಸೂತ್ರದ್ದು. ಲಾಭಾಂಶವನ್ನು ಬೆಲೆಯಿಂದ ಭಾಗಿಸಿದರೆ 9 ÷ 90, ಅಂದರೆ ಶೇ. 10. ಎಂದೂ ತೀರಿಸಬೇಕಿಲ್ಲದ ಷೇರಿಗೆ ಮಾತ್ರ ಅದು ಸರಿ. ಕಂಪನಿ ಕಾಯ್ದೆ 2013ರ 55ನೇ ಸೆಕ್ಷನ್ ಪ್ರಕಾರ ಭಾರತದಲ್ಲಿ ಅಂಥ ಷೇರು ವಿತರಿಸುವಂತಿಲ್ಲ. ಮೂಲಸೌಕರ್ಯ ಯೋಜನೆಗಳನ್ನು ಬಿಟ್ಟರೆ 20 ವರ್ಷದೊಳಗೆ ತೀರಿಸಲೇಬೇಕು. ಈ ಕಂಪನಿಯ ಷೇರು ಇಂದು 90ಕ್ಕೆ ಮಾರುತ್ತಿದ್ದು, ಐದು ವರ್ಷದ ಕೊನೆಗೆ 100 ಕೊಡಬೇಕು. ಡಿಬೆಂಚರಿಗೆ ಮಾಡಿದಂತೆಯೇ ಇಂದಿನ ಮೌಲ್ಯದ ಲೆಕ್ಕ ಹಾಕಿದರೆ ದರ ಸುಮಾರು ಶೇ. 11.75 ಬರುತ್ತದೆ. ಸುಲಭ ಸೂತ್ರದಿಂದ ಶೇ. 1.75ರಷ್ಟು ವೆಚ್ಚ ಕಣ್ಮರೆಯಾಗುತ್ತಿತ್ತು. ಹಳೆಯ ಪುಸ್ತಕಗಳ ಲೆಕ್ಕಗಳಲ್ಲಿ ಲಾಭಾಂಶಕ್ಕೆ ವಿತರಣಾ ತೆರಿಗೆಯನ್ನೂ ಕೂಡಿಸಿರುತ್ತಾರೆ. ಕಂಪನಿಯೇ ಕಟ್ಟಬೇಕಿದ್ದ ಆ ತೆರಿಗೆ 2020ರ ಏಪ್ರಿಲ್ 1ರಿಂದ ರದ್ದಾಗಿ, ಲಾಭಾಂಶದ ತೆರಿಗೆ ಪಡೆಯುವವರ ಕೈಗೆ ಹೋಗಿದೆ. ಈಗಿನ ಲೆಕ್ಕದಲ್ಲಿ ಅದನ್ನು ಕೂಡಿಸಬಾರದು.

ಭಾರತದಲ್ಲಿ ಆದ್ಯತಾ ಷೇರುಗಳು ಪೇಟೆಯಲ್ಲಿ ವಹಿವಾಟಾಗುವುದು ಅಪರೂಪ. 2014ರಲ್ಲಿ ಜೀ ಎಂಟರ್‌ಟೈನ್‌ಮೆಂಟ್ ತನ್ನ ಷೇರುದಾರರಿಗೆ ಬೋನಸ್ಸಾಗಿ ಹಂಚಿದ ಶೇ. 6ರ ಆದ್ಯತಾ ಷೇರುಗಳು ಅಂಥ ಅಪರೂಪದ ಉದಾಹರಣೆ. ಪೇಟೆಯ ಬೆಲೆ ಇಲ್ಲದ ಕಡೆ, ಅದೇ ಕಂಪನಿಯ ಸಾಲದ ದರಕ್ಕಿಂತ ಸ್ವಲ್ಪ ಹೆಚ್ಚಿನ ದರ ಹಿಡಿದು ಮುಂದಿನ ಲಾಭಾಂಶಗಳ ಮತ್ತು ತೀರುವಳಿಯ ಇಂದಿನ ಮೌಲ್ಯವನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಈಕ್ವಿಟಿಗೆ ಕಡ್ಡಾಯವಾಗಿ ಪರಿವರ್ತನೆಯಾಗುವ ಆದ್ಯತಾ ಷೇರುಗಳನ್ನು ಈಕ್ವಿಟಿಯ ಜೊತೆಗೇ ಸೇರಿಸುವುದು ಲೇಸು.

ಈಕ್ವಿಟಿಗೆ ಬಂದರೆ, ಕಂಪನಿ ಪುಸ್ತಕ ಮೌಲ್ಯದ ಮೇಲೆ ಶೇ. 15 ಗಳಿಸುತ್ತದೆ ಎಂದುಕೊಳ್ಳೋಣ. ಷೇರು ಬಂಡವಾಳ, ಉಳಿಸಿಕೊಂಡ ಲಾಭ ಸೇರಿ ಪ್ರತಿ ಷೇರಿಗೆ 40 ರೂಪಾಯಿ ಪುಸ್ತಕ ಮೌಲ್ಯವಿದೆ. ಬರುವ ವರ್ಷದ ಗಳಿಕೆ ಷೇರಿಗೆ 6 ರೂಪಾಯಿ. ಅದರಲ್ಲಿ ಶೇ. 40, ಅಂದರೆ 2.40 ರೂಪಾಯಿ ಲಾಭಾಂಶವಾಗಿ ಹೋಗಿ ಉಳಿದ 3.60 ಕಂಪನಿಯಲ್ಲೇ ನಿಲ್ಲುತ್ತದೆ. ಗಳಿಕೆಯ ಶೇ. 60ನ್ನು ಶೇ. 15ರ ದರದಲ್ಲಿ ತೊಡಗಿಸಿದರೆ ಬೆಳವಣಿಗೆ ವರ್ಷಕ್ಕೆ ಶೇ. 9. ಮೈರನ್ ಗಾರ್ಡನ್ ಹೆಸರಿನ ಮಾದರಿಯಂತೆ ಈಕ್ವಿಟಿಯ ವೆಚ್ಚ 2.40 ÷ 60 ಜೊತೆಗೆ ಶೇ. 9, ಅಂದರೆ ಶೇ. 13. ಬೆಳವಣಿಗೆಯ ದರವನ್ನು ಹೀಗೆ ಗಳಿಕೆ ಮತ್ತು ಉಳಿಕೆಗಳಿಂದ ಕಟ್ಟಿಕೊಂಡರೆ ಉತ್ತರ ನಂಬಲರ್ಹವಾಗುತ್ತದೆ. ಹಿಂದಿನ ಐದು ವರ್ಷದ ಏರಿಕೆಯನ್ನು ನೋಡಿ ಶೇ. 18 ಎಂದು ಬರೆದುಬಿಟ್ಟರೆ, ಅಷ್ಟು ವೇಗ ಎಂದೆಂದಿಗೂ ನಡೆಯುತ್ತದೆ ಎಂದು ಹೇಳಿದಂತಾಗುತ್ತದೆ.

ಉಳಿಸಿಕೊಂಡ ಲಾಭಕ್ಕೆ ವೆಚ್ಚವೇ ಇಲ್ಲ ಎಂಬ ನಂಬಿಕೆ ವ್ಯವಹಾರಸ್ಥರಲ್ಲಿ ಇನ್ನೂ ಇದೆ. ಯಾರಿಗೂ ಚೆಕ್ ಬರೆಯಬೇಕಿಲ್ಲ ಎಂಬುದು ಅದರ ಬೇರು. ಆ 3.60 ರೂಪಾಯಿ ಷೇರುದಾರನ ಹಣ. ಕೈಗೆ ಬಂದಿದ್ದರೆ ಅವನು ಇಷ್ಟೇ ಅಪಾಯದ ಇನ್ನೊಂದು ಕಂಪನಿಯ ಷೇರು ಕೊಂಡು ಶೇ. 13 ನಿರೀಕ್ಷಿಸಬಹುದಿತ್ತು. ಅವನು ಬಿಟ್ಟುಕೊಟ್ಟ ಆ ಅವಕಾಶವೇ ಉಳಿಸಿಕೊಂಡ ಲಾಭದ ವೆಚ್ಚ. ಹೊಸ ಷೇರು ವಿತರಿಸುವುದಕ್ಕಿಂತ ಅದು ಅಗ್ಗ ಎಂಬುದು ನಿಜ, ಆದರೆ ಅಂತರ ದೊಡ್ಡದಲ್ಲ. ಹೊಸ ಷೇರನ್ನು ಪೇಟೆಗಿಂತ ಕಡಿಮೆ ಬೆಲೆಗೆ ಕೊಟ್ಟು, ವಿತರಣಾ ಖರ್ಚು ಕಳೆದು ಕಂಪನಿಯ ಕೈಗೆ 54 ರೂಪಾಯಿ ಬಂದರೆ, ವೆಚ್ಚ 2.40 ÷ 54 ಜೊತೆಗೆ ಶೇ. 9, ಅಂದರೆ ಶೇ. 13.44.

ಷೇರುದಾರ ಲಾಭಾಂಶ ಪಡೆದಿದ್ದರೆ ಅದರ ಮೇಲೆ ತೆರಿಗೆ ಕಟ್ಟಬೇಕಿತ್ತು, ಮತ್ತೆ ತೊಡಗಿಸಲು ದಲ್ಲಾಳಿ ಕೊಡಬೇಕಿತ್ತು, ಹಾಗಾಗಿ ಉಳಿಸಿಕೊಂಡ ಲಾಭದ ವೆಚ್ಚದಿಂದ ಅವೆರಡನ್ನೂ ಕಳೆಯಬೇಕು ಎಂದು ಕೆಲವು ಪುಸ್ತಕಗಳು ಕಲಿಸುತ್ತವೆ. ಶೇ. 30 ತೆರಿಗೆ, ಶೇ. 2 ದಲ್ಲಾಳಿ ಹಿಡಿದರೆ ಶೇ. 13 ಕುಸಿದು ಶೇ. 8.92 ಆಗುತ್ತದೆ. ಈ ಸಂಖ್ಯೆಯನ್ನು ಆದ್ಯತಾ ಷೇರಿನ ಶೇ. 11.75ರ ಪಕ್ಕ ಇಟ್ಟು ನೋಡಿದರೆ ವಿಧಾನದ ದೋಷ ಕಾಣುತ್ತದೆ. ಕಂಪನಿಯ ಅತ್ಯಂತ ಅಪಾಯದ ಹಣ ಅದಕ್ಕಿಂತ ಭದ್ರವಾದ ಹಣಕ್ಕಿಂತ ಅಗ್ಗವೆಂದು ಅದು ಹೇಳುತ್ತಿದೆ. ಷೇರುದಾರರಲ್ಲಿ ಪಿಂಚಣಿ ನಿಧಿ, ಮ್ಯೂಚುವಲ್ ಫಂಡ್, ವಿದೇಶಿ ಹೂಡಿಕೆದಾರ, ಸಣ್ಣ ಗೃಹಸ್ಥ ಎಲ್ಲರೂ ಇರುವಾಗ ಒಂದೇ ತೆರಿಗೆ ದರ ಎಲ್ಲರಿಗೂ ಹೊಂದುವುದಿಲ್ಲ. ಕಂಪನಿಯೇ ಆ ಹಣವನ್ನು ಹೊರಗೆ, ಅಷ್ಟೇ ಅಪಾಯದ ಕಡೆ ತೊಡಗಿಸಿದರೆ ಎಷ್ಟು ಸಿಗುತ್ತದೆ ಎಂದು ಕೇಳುವ ಎಜ್ರಾ ಸಾಲಮನ್ ಅವರ ಮಾರ್ಗ ಈ ತೊಡಕಿನಿಂದ ಬಿಡಿಸುತ್ತದೆ. ಉತ್ತರ ಮತ್ತೆ ಶೇ. 13ಕ್ಕೇ ಬರುತ್ತದೆ.

ಈಗ ತೂಕ. ಈಕ್ವಿಟಿಯ ಮಾರುಕಟ್ಟೆ ಮೌಲ್ಯ 20 ಲಕ್ಷ × 60, ಅಂದರೆ 1,200 ಲಕ್ಷ. ಆದ್ಯತಾ ಷೇರು 90 ಲಕ್ಷ, ಡಿಬೆಂಚರು 384.8 ಲಕ್ಷ, ಒಟ್ಟು 1,674.8 ಲಕ್ಷ. ಪುಸ್ತಕದಲ್ಲಿರುವ 600 ಲಕ್ಷ ಉಳಿಸಿಕೊಂಡ ಲಾಭ ಈ ಮೊತ್ತದಲ್ಲಿ ಎಲ್ಲಿದೆ? ಅದು 1,200 ಲಕ್ಷದ ಒಳಗೇ ಇದೆ. 60 ರೂಪಾಯಿ ಕೊಟ್ಟು ಷೇರು ಕೊಳ್ಳುವವನು ಕಂಪನಿಯ ಷೇರು ಬಂಡವಾಳವನ್ನೂ ಅದು ಉಳಿಸಿಟ್ಟ ಲಾಭವನ್ನೂ ಮುಂದೆ ಗಳಿಸಬಹುದಾದುದನ್ನೂ ಸೇರಿಸಿಯೇ ಬೆಲೆ ಕಟ್ಟಿರುತ್ತಾನೆ. ಅದರ ಮೇಲೆ ಇನ್ನೊಂದು 600 ಲಕ್ಷ ಕೂಡಿಸಿದರೆ ಅದೇ ಹಣವನ್ನು ಎರಡು ಸಲ ಎಣಿಸಿದಂತೆ.

ಉಳಿಸಿಕೊಂಡ ಲಾಭವನ್ನು ಬೇರೆ ಸಾಲಿನಲ್ಲಿ ತೋರಿಸಲೇಬೇಕೆಂದಿದ್ದರೆ, ಭಾರತದ ಲೆಕ್ಕಪರಿಶೋಧನಾ ಪಠ್ಯಗಳಲ್ಲಿ ರೂಢಿಯಲ್ಲಿರುವ ದಾರಿ ಒಂದಿದೆ: ಈಕ್ವಿಟಿಯ ಮಾರುಕಟ್ಟೆ ಮೌಲ್ಯವನ್ನು ಷೇರು ಬಂಡವಾಳ ಮತ್ತು ಮೀಸಲಿನ ಪುಸ್ತಕ ಮೌಲ್ಯದ ಅನುಪಾತದಲ್ಲಿ ಹಂಚುವುದು. ಇಲ್ಲಿ ಅನುಪಾತ 200ಕ್ಕೆ 600. ಹಾಗಾಗಿ 1,200 ಲಕ್ಷದಲ್ಲಿ 300 ಷೇರು ಬಂಡವಾಳಕ್ಕೆ, 900 ಉಳಿಸಿಕೊಂಡ ಲಾಭಕ್ಕೆ.

| ಮೂಲ | ಮಾರುಕಟ್ಟೆ ಮೌಲ್ಯ (ಲಕ್ಷ ರೂ.) | ತೂಕ (ಶೇ.) | ವೆಚ್ಚ (ಶೇ.) | ಗುಣಲಬ್ಧ (ಶೇ.) |
|---|---|---|---|---|
| ಈಕ್ವಿಟಿ ಷೇರು ಬಂಡವಾಳ | 300.0 | 17.91 | 13.00 | 2.33 |
| ಉಳಿಸಿಕೊಂಡ ಲಾಭ | 900.0 | 53.74 | 13.00 | 6.99 |
| ಆದ್ಯತಾ ಷೇರು | 90.0 | 5.37 | 11.75 | 0.63 |
| ಡಿಬೆಂಚರು, ತೆರಿಗೆ ಕಳೆದು | 384.8 | 22.98 | 7.48 | 1.72 |
| ಒಟ್ಟು | 1,674.8 | 100.00 | | 11.67 |

ಎರಡೂ ಸಾಲುಗಳ ವೆಚ್ಚ ಒಂದೇ ಆಗಿರುವಾಗ ಈ ಹಂಚಿಕೆಯಿಂದ ಉತ್ತರ ಕಿಂಚಿತ್ತೂ ಬದಲಾಗುವುದಿಲ್ಲ. ಷೇರು ಬಂಡವಾಳದ ಸಾಲಿಗೆ ವಿತರಣಾ ಖರ್ಚು ಸೇರಿದ ಶೇ. 13.44 ಹಾಕಿದರೆ ಮಾತ್ರ ಅದು ಶೇ. 11.74ಕ್ಕೆ ಏರುತ್ತದೆ. ಪರೀಕ್ಷೆಯ ಪ್ರಶ್ನೆಗಳು ಇದನ್ನೇ ಕೇಳುತ್ತವೆ. ಆದರೆ ಹಂಚಿಕೆಗೆ ಆಳವಾದ ಆಧಾರವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಪೇಟೆ ಮೀಸಲಿಗೆ ಪ್ರತ್ಯೇಕ ಬೆಲೆ ಕಟ್ಟುವುದಿಲ್ಲ. ಕಂಪನಿ ನಾಳೆ ಒಂದಕ್ಕೊಂದು ಬೋನಸ್ ಷೇರು ಕೊಟ್ಟರೆ ಮೀಸಲಿನಿಂದ 200 ಲಕ್ಷ ಷೇರು ಬಂಡವಾಳಕ್ಕೆ ವರ್ಗವಾಗಿ ಅನುಪಾತ 400ಕ್ಕೆ 400 ಆಗುತ್ತದೆ. ಒಂದು ರೂಪಾಯಿಯೂ ಒಳಗೆ ಬಂದಿಲ್ಲ, ಹೊರಗೆ ಹೋಗಿಲ್ಲ. ಆದರೂ ಹಂಚಿಕೆಯ ಲೆಕ್ಕ ವೆಚ್ಚ ಏರಿತೆಂದು ತೋರಿಸುತ್ತದೆ. ಹಿಂದೆ ವಿತರಿಸಿದ ಷೇರುಗಳ ಖರ್ಚು ಎಂದೋ ಮುಗಿದಿರುವಾಗ ಅವುಗಳ ಸಾಲಿಗೆ ಶೇ. 13.44 ಹಾಕುವುದಕ್ಕೆ ಸಮರ್ಥನೆಯೂ ಸಿಗುವುದಿಲ್ಲ.

ಎರಡು ಸಲ ಎಣಿಸುವ ತಪ್ಪಿನ ಬೆಲೆ ಇದಕ್ಕಿಂತ ದೊಡ್ಡದು. 1,200ಕ್ಕೆ 600 ಕೂಡಿಸಿದರೆ ಈಕ್ವಿಟಿಯ ತೂಕ ಶೇ. 79ಕ್ಕೆ ಉಬ್ಬಿ ಸರಾಸರಿ ವೆಚ್ಚ ಶೇ. 12.02 ಆಗುತ್ತದೆ. ಇದನ್ನು ಹಿಡಿಯಲು ಒಂದು ಸರಳ ಪರೀಕ್ಷೆ ಸಾಕು: ಈಕ್ವಿಟಿಯ ಹೆಸರಿನಲ್ಲಿರುವ ಎಲ್ಲ ಸಾಲುಗಳ ಮೊತ್ತ, ಷೇರುಗಳ ಸಂಖ್ಯೆಯನ್ನು ಪೇಟೆಯ ಬೆಲೆಯಿಂದ ಗುಣಿಸಿದ ಮೊತ್ತಕ್ಕೆ ಸರಿಹೊಂದಬೇಕು.

ಪುಸ್ತಕ ಮೌಲ್ಯದ ತೂಕದಲ್ಲಿ ಉತ್ತರ ಶೇ. 11.21 ಬರುತ್ತಿತ್ತು. 1,300 ಲಕ್ಷದಲ್ಲಿ ಈಕ್ವಿಟಿ 800 ಲಕ್ಷ ಮಾತ್ರವಾಗಿ, ಅಗ್ಗದ ಸಾಲದ ತೂಕ ಶೇ. 31ರ ಹತ್ತಿರ ಬರುವುದೇ ಇದಕ್ಕೆ ಕಾರಣ. ಶೇ. 0.46ರ ಈ ಅಂತರ ಸಣ್ಣದೆನಿಸಬಹುದು. 100 ಲಕ್ಷ ಹೂಡಿದರೆ ತೆರಿಗೆ ಕಳೆದು ವರ್ಷಕ್ಕೆ 11.45 ಲಕ್ಷ ಶಾಶ್ವತವಾಗಿ ಕೊಡುವ ಯೋಜನೆಯೊಂದು ಮುಂದಿದ್ದರೆ, ಪುಸ್ತಕ ತೂಕದ ದರದಲ್ಲಿ ಅದರ ಮೌಲ್ಯ ಸುಮಾರು 102 ಲಕ್ಷ, ಮಾರುಕಟ್ಟೆ ತೂಕದ ದರದಲ್ಲಿ ಸುಮಾರು 98 ಲಕ್ಷ. ಮೊದಲನೆಯದು ಒಪ್ಪು ಎನ್ನುತ್ತದೆ, ಎರಡನೆಯದು ಬೇಡ ಎನ್ನುತ್ತದೆ.

ಉಳಿಸಿಕೊಂಡ ಲಾಭಕ್ಕೆ ನಿಜವಾದ ಸ್ಥಾನ ಸಿಗುವುದು ಮುಂದಿನ ಹೂಡಿಕೆಯ ಲೆಕ್ಕದಲ್ಲಿ. ಹಿಂದಿನ 600 ಲಕ್ಷ ಈಗಾಗಲೇ ಯಂತ್ರ, ಕಟ್ಟಡ, ದಾಸ್ತಾನುಗಳಾಗಿ ಹೋಗಿದೆ, ಹೊಸ ಯೋಜನೆಗೆ ಅದನ್ನು ಖರ್ಚು ಮಾಡಲು ಬರುವುದಿಲ್ಲ. ಕೈಗೆ ಬರುವುದು ಈ ವರ್ಷ ಉಳಿಯುವ ಲಾಭ: ಷೇರಿಗೆ 3.60ರಂತೆ 20 ಲಕ್ಷ ಷೇರುಗಳಿಗೆ 72 ಲಕ್ಷ ರೂಪಾಯಿ. ಕಂಪನಿ ತನ್ನ ಬಂಡವಾಳದ ಮಿಶ್ರಣವನ್ನು ಹೀಗೆಯೇ ಉಳಿಸಿಕೊಳ್ಳುವುದಾದರೆ ಪ್ರತಿ 100 ರೂಪಾಯಿ ಹೂಡಿಕೆಗೆ ಈಕ್ವಿಟಿ 71.65 ರೂಪಾಯಿ ಬೇಕು. 72 ಲಕ್ಷವನ್ನು 0.7165ರಿಂದ ಭಾಗಿಸಿದರೆ ಸುಮಾರು 100.5 ಲಕ್ಷ. ಅಂದರೆ ಒಂದು ಕೋಟಿಯಷ್ಟು ಹೂಡಿಕೆಯವರೆಗೆ ಹೊಸ ಷೇರು ವಿತರಿಸಬೇಕಿಲ್ಲ, ವೆಚ್ಚ ಶೇ. 11.67. ಅದನ್ನು ದಾಟಿದ ಪ್ರತಿ ರೂಪಾಯಿಗೂ ಈಕ್ವಿಟಿಯ ಪಾಲು ಹೊಸ ಷೇರಿನಿಂದ, ಶೇ. 13.44ರ ದರದಲ್ಲಿ ಬರಬೇಕು. ಆಗ ಸರಾಸರಿ ಶೇ. 11.98. ವೆಚ್ಚ ಇಲ್ಲಿ ಮೆಟ್ಟಿಲು ಏರುತ್ತದೆ. ಶೇ. 11.8 ಗಳಿಸುವ ಯೋಜನೆ ಮೊದಲ ಕೋಟಿಯೊಳಗಿದ್ದರೆ ಲಾಭದಾಯಕ, ಅದರಾಚೆ ಬಿದ್ದರೆ ನಷ್ಟದ್ದು. ಮೇಲಿನ ಕೋಷ್ಟಕದ 300 ಮತ್ತು 900ರ ಹಂಚಿಕೆ ಹೇಳಲಾರದ ಈ ಮಾತನ್ನು 72 ಲಕ್ಷದ ಒಂದು ಸಂಖ್ಯೆ ಹೇಳುತ್ತದೆ.

ಮಾರುಕಟ್ಟೆ ತೂಕಕ್ಕೆ ಅದರದೇ ಮಿತಿಗಳಿವೆ. ಷೇರಿನ ಬೆಲೆ ದಿನವೂ ಅಲುಗಾಡುತ್ತದೆ. ಈ ಕಂಪನಿಯ ಷೇರು 60ರಿಂದ 30ಕ್ಕೆ ಬಿತ್ತೆಂದುಕೊಂಡರೆ ಈಕ್ವಿಟಿಯ ತೂಕ ಶೇ. 55.8ಕ್ಕೆ ಇಳಿಯುತ್ತದೆ. ಹೊಸ ತೂಕಕ್ಕೆ ಹಳೆಯ ಶೇ. 13ನ್ನೇ ಜೋಡಿಸಿದರೆ ಸರಾಸರಿ ವೆಚ್ಚ ಶೇ. 10.92, ಅಂದರೆ ಷೇರು ಅರ್ಧ ಬೆಲೆಗೆ ಇಳಿದದ್ದರಿಂದ ಬಂಡವಾಳ ಅಗ್ಗವಾಯಿತು ಎಂಬ ಉತ್ತರ. ತೂಕ ಇಂದಿನದು, ದರ ಹಿಂದಿನದು ಆದಾಗ ಬರುವ ದೋಷವಿದು. ಇಂದಿನ ಬೆಲೆಯಲ್ಲಿ ಲಾಭಾಂಶದ ಪಾಲು 2.40 ÷ 30, ಅಂದರೆ ಶೇ. 8. ಬೆಳವಣಿಗೆಯ ನಿರೀಕ್ಷೆ ಶೇ. 9ರಲ್ಲೇ ಇದ್ದರೆ ಈಕ್ವಿಟಿಯ ವೆಚ್ಚ ಶೇ. 17, ಸರಾಸರಿ ಶೇ. 13.15. ಪೇಟೆ ಬೆಳವಣಿಗೆಯ ನಿರೀಕ್ಷೆಯನ್ನೂ ಶೇ. 7ಕ್ಕೆ ಇಳಿಸಿಕೊಂಡಿದ್ದರೆ ಈಕ್ವಿಟಿ ಶೇ. 15, ಸರಾಸರಿ ಶೇ. 12.04. ಇಂಥ ಕುಸಿತದಲ್ಲಿ ಡಿಬೆಂಚರು, ಆದ್ಯತಾ ಷೇರುಗಳ ಬೆಲೆಯೂ ಸ್ವಲ್ಪ ಇಳಿದಿರುತ್ತದೆ, ಅವುಗಳ ದರವನ್ನೂ ಮತ್ತೆ ಕಂಡುಹಿಡಿಯಬೇಕು. ಬೆಲೆ, ದರ, ತೂಕ ಮೂರೂ ಒಂದೇ ದಿನಾಂಕದ್ದಾಗಿರುವುದು ಈ ಲೆಕ್ಕದ ಮೊದಲ ನಿಯಮ.

ದಿನದ ಏರಿಳಿತಕ್ಕೆ ಸಿಲುಕದಿರಲು ಹಲವರು ಕಂಪನಿ ಕಾಪಾಡಿಕೊಳ್ಳಲು ಬಯಸುವ ಗುರಿ ಅನುಪಾತವನ್ನು ತೂಕವಾಗಿ ಹಿಡಿಯುತ್ತಾರೆ, ಅದನ್ನೂ ಮಾರುಕಟ್ಟೆ ಮೌಲ್ಯದಲ್ಲೇ ಹೇಳುತ್ತಾರೆ. ಷೇರುಪೇಟೆಯಲ್ಲಿಲ್ಲದ ಕಂಪನಿಗೆ ಅದೇ ಉದ್ಯಮದ ನೋಂದಾಯಿತ ಕಂಪನಿಗಳ ಅನುಪಾತ ಆಸರೆ. ಬ್ಯಾಂಕ್ ಸಾಲಗಳ ವಿಷಯದಲ್ಲಿ ತೊಂದರೆ ಕಡಿಮೆ. ಬಡ್ಡಿ ದರ ರೆಪೊ ಅಥವಾ ಎಂಸಿಎಲ್‌ಆರ್ ಜೊತೆ ಏರಿಳಿಯುವ ಸಾಲದ ಪುಸ್ತಕ ಮೌಲ್ಯ ಮಾರುಕಟ್ಟೆ ಮೌಲ್ಯಕ್ಕೆ ಹತ್ತಿರವೇ ಇರುತ್ತದೆ, ಸಾಲಗಾರನ ಸ್ಥಿತಿ ಕೆಟ್ಟಿಲ್ಲವಾದರೆ.

ಪುಸ್ತಕ ಮೌಲ್ಯ ಅಥವಾ ಗೊತ್ತುಪಡಿಸಿದ ಅನುಪಾತವೇ ಸರಿಯಾಗುವ ಒಂದು ಕ್ಷೇತ್ರವೂ ಇದೆ: ಸರ್ಕಾರಿ ನಿಯಂತ್ರಣದಲ್ಲಿ ಬೆಲೆ ನಿಗದಿಯಾಗುವ ಉದ್ಯಮಗಳು. ವಿದ್ಯುತ್ ದರ ನಿಯಮಗಳು ಸಾಲ ಮತ್ತು ಈಕ್ವಿಟಿಯನ್ನು 70:30 ಎಂದು ಎಣಿಸುತ್ತವೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿ ದೊಡ್ಡ ನಿಲ್ದಾಣಗಳ ಶುಲ್ಕ ನಿಗದಿಪಡಿಸುವ ಪ್ರಾಧಿಕಾರ, ನಿಯಂತ್ರಿತ ಆಸ್ತಿಯ ಮೇಲೆ ತೂಕದ ಸರಾಸರಿಯನ್ನೇ ನ್ಯಾಯಯುತ ಪ್ರತಿಫಲದ ದರವಾಗಿ ಬಳಸುತ್ತದೆ. ಅಲ್ಲಿ ಷೇರಿನ ಬೆಲೆಯಿಂದ ತೂಕ ಹಾಕಲಾಗದು. ನಿಯಂತ್ರಕರು ಕೊಡುವ ದರದಿಂದಲೇ ಲಾಭ, ಲಾಭದಿಂದ ಷೇರಿನ ಬೆಲೆ, ಆ ಬೆಲೆಯಿಂದ ಮತ್ತೆ ದರ ಎಂದು ಲೆಕ್ಕ ತನ್ನನ್ನೇ ಸುತ್ತುತ್ತದೆ.